ಮನೆಯಲ್ಲಿ ಮಾಡುವ ಸೋಪಿನಲ್ಲಿ ಪರಿಮಳ ಯಾಕೆ ನಿಲ್ಲುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಯಿಸದೆ, ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ ಮಾಡುವ ಕೋಲ್ಡ್ ಪ್ರಾಸೆಸ್ ಸೋಪು ಕಲಿತವರಿಗೆ ಮೊದಲ ಕೆಲವು ತಿಂಗಳಲ್ಲಿ ಎಣ್ಣೆಯ ಲೆಕ್ಕ ಕೈಗೆ ಹತ್ತುತ್ತದೆ, ಕಾಸ್ಟಿಕ್ ಸೋಡಾದ ಭಯ ಹೋಗುತ್ತದೆ, ಸೋಪು ಗಟ್ಟಿಯಾಗಿ ನೊರೆಯೂ ಚೆನ್ನಾಗಿ ಬರುತ್ತದೆ. ಆಮೇಲೂ ಉಳಿಯುವ ದೂರು ಒಂದೇ: ಪರಿಮಳ. ಎಸೆನ್ಷಿಯಲ್ ಆಯಿಲ್ ಬಾಟಲಿಗೆ ನೂರಾರು ರೂಪಾಯಿ ಕೊಟ್ಟು ಹಾಕಿದ್ದು ಎಲ್ಲಿ ಹೋಯಿತು, ಇನ್ನೂ ಜಾಸ್ತಿ ಹಾಕಲೇ, ಹಾಕಿದರೆ ಚರ್ಮಕ್ಕೆ ಏನಾಗುತ್ತದೆ? ಇಲ್ಲಿರುವುದು ಬಹುತೇಕ ಆ ಪ್ರಶ್ನೆಗಳಿಗೆ ಉತ್ತರ. ಮೇಣದಬತ್ತಿಯ ವಿಷಯ ಕೊನೆಯ ಭಾಗದಲ್ಲಿ ಚಿಕ್ಕದಾಗಿ ಇದೆ.

ಅಚ್ಚಿನಿಂದ ತೆಗೆದಾಗ ಘಮ್ಮೆನ್ನುತ್ತಿದ್ದ ಸೋಪು ಆರು ವಾರಕ್ಕೆ ಸಪ್ಪೆಯಾಯಿತು. ಏನಾಯಿತು?

ಮೂರು ಕಡೆಯಿಂದ ನಷ್ಟವಾಗುತ್ತದೆ.

ಮೊದಲನೆಯದು ಕ್ಷಾರ. ಸೋಪಿನ ಹಿಟ್ಟು ಅಚ್ಚಿಗೆ ಹೋಗುವಾಗ ಅದರಲ್ಲಿ ಇನ್ನೂ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಕೊಬ್ಬೆಣ್ಣೆಯನ್ನು ಒಡೆದು ಸೋಪು ಮಾಡುವುದರ ಜೊತೆಗೆ ಸುಗಂಧ ತೈಲದ ಕೆಲವು ಅಂಶಗಳನ್ನೂ ಒಡೆಯುತ್ತದೆ. ಲ್ಯಾವೆಂಡರ್ ಇದಕ್ಕೆ ಒಳ್ಳೆಯ ಉದಾಹರಣೆ. ಲ್ಯಾವೆಂಡರಿನ ಸಿಹಿಯಾದ, ಹಣ್ಣಿನ ಛಾಯೆಯ ವಾಸನೆಗೆ ಮುಖ್ಯ ಕಾರಣ ಲಿನಾಲಿಲ್ ಅಸಿಟೇಟ್ ಎಂಬ ಎಸ್ಟರ್. ತೆಂಗಿನೆಣ್ಣೆ, ಹರಳೆಣ್ಣೆಗಳೂ ರಸಾಯನದ ದೃಷ್ಟಿಯಿಂದ ಎಸ್ಟರ್‌ಗಳೇ, ಹಾಗಾಗಿ ಕಾಸ್ಟಿಕ್ ಸೋಡಾ ಇವೆರಡಕ್ಕೂ ಭೇದ ಮಾಡುವುದಿಲ್ಲ. ಲಿನಾಲಿಲ್ ಅಸಿಟೇಟ್ ಒಡೆದು ಲಿನಾಲೂಲ್ ಮತ್ತು ಸೋಡಿಯಂ ಅಸಿಟೇಟ್ ಆಗುತ್ತದೆ. ಲಿನಾಲೂಲಿಗೂ ವಾಸನೆ ಇದೆ, ಆದರೆ ಅದು ತೆಳುವಾದ ವಾಸನೆ. ಲ್ಯಾವೆಂಡರ್ ಸೋಪು ಮೂರನೇ ದಿನಕ್ಕೇ ಬಾಟಲಿಯ ಹಾಗೆ ವಾಸನೆ ಬರದಿದ್ದರೆ ಕಾರಣ ಇದು.

ಎರಡನೆಯದು ಬಿಸಿ. ಕಾಸ್ಟಿಕ್ ಸೋಡಾ ಮತ್ತು ಎಣ್ಣೆ ಸೇರಿದಾಗ ಶಾಖ ಹುಟ್ಟುತ್ತದೆ. ಅಚ್ಚನ್ನು ಟವೆಲ್ ಸುತ್ತಿ ಬೆಚ್ಚಗೆ ಇಟ್ಟರೆ ಒಳಗಿನ ಸೋಪು 70 ಡಿಗ್ರಿ ದಾಟಬಹುದು. ಆಗ ಮಧ್ಯಭಾಗ ಪಾರದರ್ಶಕವಾಗಿ ಜೆಲ್ ಥರ ಕಾಣುತ್ತದೆ. ಬಣ್ಣಕ್ಕೆ, ಗಟ್ಟಿತನಕ್ಕೆ ಇದು ಒಳ್ಳೆಯದು, ಹಗುರವಾದ ವಾಸನೆಗಳಿಗೆ ಅಲ್ಲ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಆವಿಯಾಗುವುದು. ಕ್ಷಾರದ ಅಬ್ಬರ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಕ್ಯೂರಿಂಗ್ ಮಾತ್ರ ನಾಲ್ಕರಿಂದ ಆರು ವಾರ. ಸೋಪಿನ ನೀರು ಗಾಳಿಗೆ ಹೋಗಲಿ ಎಂದೇ ನಾವು ಅದನ್ನು ತೆರೆದ ಕಪಾಟಿನಲ್ಲಿ ಇಡುತ್ತೇವೆ. ನೀರಿನ ಜೊತೆಗೆ ಹಗುರವಾದ ಸುಗಂಧದ ಅಂಶಗಳೂ ಹೋಗುತ್ತವೆ. ಕಿತ್ತಳೆ, ನಿಂಬೆ ಎಣ್ಣೆಗಳಲ್ಲಿ ಹೆಚ್ಚಿನ ಪಾಲು ಲಿಮೊನೀನ್ ಎಂಬ ಚಿಕ್ಕ, ಹಗುರ ಅಣು. ಆರು ವಾರ ಅದನ್ನು ಗಾಳಿಯಲ್ಲಿ ಕೂರಿಸಿಟ್ಟರೆ ಉಳಿಯುವುದು ಅತ್ಯಲ್ಪ.

ಹಾಗಾದರೆ ಯಾವ ಎಣ್ಣೆ ನಿಲ್ಲುತ್ತದೆ?

ಭಾರವಾದ ಅಣುಗಳಿರುವ ಎಣ್ಣೆಗಳು ನಿಲ್ಲುತ್ತವೆ. ಲಾವಂಚ, ಪಚೌಲಿ, ಗಂಧ, ದೇವದಾರು ಇವೆಲ್ಲ ಬೇರು, ಮರ ಇಲ್ಲವೇ ಒಣಗಿಸಿದ ಎಲೆಯಿಂದ ಬರುವಂಥವು. ಇವುಗಳ ಮುಖ್ಯ ಅಂಶಗಳು ಹದಿನೈದು ಇಂಗಾಲದ ದೊಡ್ಡ ಅಣುಗಳು, ನಿಧಾನವಾಗಿ ಆವಿಯಾಗುತ್ತವೆ. ಪಚೌಲಿ ಹಾಕಿದ ಸೋಪು ವರ್ಷ ಕಳೆದ ಮೇಲೂ ವಾಸನೆ ಕೊಡುವುದು ಸಾಮಾನ್ಯ.

ನಡುವಿನ ಗುಂಪಿನಲ್ಲಿ ನಮ್ಮ ಕಡೆಯ ಹುಲ್ಲಿನ ಎಣ್ಣೆಗಳು ಬರುತ್ತವೆ: ಲೆಮನ್‌ಗ್ರಾಸ್, ಪಾಮರೋಸಾ, ಸಿಟ್ರೊನೆಲ್ಲಾ. ಇವುಗಳಲ್ಲಿ ಎಸ್ಟರ್ ಕಡಿಮೆ, ಆಲ್ಕೋಹಾಲ್ ಮತ್ತು ಆಲ್ಡಿಹೈಡ್ ಜಾಸ್ತಿ. ಪಾಮರೋಸಾದಲ್ಲಿ ಮುಖ್ಯವಾಗಿ ಇರುವುದು ಜಿರೇನಿಯೋಲ್, ಅದನ್ನು ಕ್ಷಾರ ಅಷ್ಟಾಗಿ ಮುಟ್ಟುವುದಿಲ್ಲ. ಗುಲಾಬಿಯ ಛಾಯೆ ಬೇಕೆನ್ನುವವರಿಗೆ ಅಗ್ಗದ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಪುದೀನಾ ಜಾತಿಯ ಎಣ್ಣೆಗಳೂ ಮೆಂಥಾಲ್‌ನಿಂದಾಗಿ ಚೆನ್ನಾಗಿಯೇ ನಿಲ್ಲುತ್ತವೆ. ನೀಲಗಿರಿ ಎಣ್ಣೆ ಅಷ್ಟಕ್ಕಷ್ಟೆ.

ಮೊದಲು ಓಡಿಹೋಗುವ ಗುಂಪು ಸಿಟ್ರಸ್: ಕಿತ್ತಳೆ, ನಿಂಬೆ, ಮೂಸಂಬಿ, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್. ನಿಂಬೆಯ ವಾಸನೆ ಬೇಕೇಬೇಕು ಎಂದಿದ್ದರೆ ನಿಂಬೆ ಎಣ್ಣೆಯನ್ನು ಬಿಡಿ, ಲೆಮನ್‌ಗ್ರಾಸ್ ಅಥವಾ ಲಿಟ್ಸಿಯಾ ಕ್ಯೂಬೆಬಾ ಹಿಡಿಯಿರಿ. ಇವೆರಡರಲ್ಲೂ ಸಿಟ್ರಾಲ್ ಇರುವುದರಿಂದ ಮೂಗಿಗೆ ನಿಂಬೆಯೇ. ಕಿತ್ತಳೆಯೇ ಆಗಬೇಕೆಂದರೆ 5 ಪಟ್ಟು ಅಥವಾ 10 ಪಟ್ಟು ಸಾಂದ್ರಗೊಳಿಸಿದ ಕಿತ್ತಳೆ ಎಣ್ಣೆ ಸಿಗುತ್ತದೆ. ಅದರಲ್ಲಿ ಲಿಮೊನೀನ್‌ನ ಒಂದು ಭಾಗವನ್ನು ತೆಗೆದಿರುತ್ತಾರೆ, ಹಾಗಾಗಿ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತದೆ.

ಜಾಸ್ತಿ ಹಾಕಿದರೆ ಸಮಸ್ಯೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಆವಿಯಾಗುವ ಎಣ್ಣೆಯನ್ನು ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಆವಿಯಾಗುತ್ತದೆ. ಮೊದಲ ವಾರ ಮನೆಯೆಲ್ಲ ವಾಸನೆ, ಆರನೇ ವಾರ ಮತ್ತೆ ಸಪ್ಪೆ. ಇನ್ನೊಂದು ಕಡೆ, ಭಾರವಾದ ಎಣ್ಣೆಗಳು ಮತ್ತು ಸಿಟ್ರಾಲ್, ಯೂಜಿನಾಲ್‌ನಂಥ ಚರ್ಮವನ್ನು ಕೆರಳಿಸುವ ಅಂಶಗಳು ಸೋಪಿನಲ್ಲೇ ಉಳಿದು ಚರ್ಮಕ್ಕೆ ಹೋಗುತ್ತವೆ. ಪರಿಮಳ ಹೋಗಿದೆ ಎಂದರೆ ಅಲರ್ಜಿ ಮಾಡುವ ಅಂಶವೂ ಹೋಗಿದೆ ಎಂದಲ್ಲ. ಮಿತಿಯನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಮಿತಿ ಮೀರಿದಾಗ ಸೋಪು ಕೂಡ ಹೇಳುತ್ತದೆ. ಮೇಲ್ಮೈಯಲ್ಲಿ ಎಣ್ಣೆಯ ಹನಿಗಳು ಒಸರುತ್ತವೆ, ಕತ್ತರಿಸುವಾಗ ಸೋಪು ಮೆತ್ತಗೆ ಇರುತ್ತದೆ, ಸ್ನಾನದ ಹೊತ್ತಿಗೆ ಚರ್ಮ ಚುರುಚುರು ಎನ್ನುತ್ತದೆ.

ಎಲ್ಲರೂ 3% ಎನ್ನುತ್ತಾರೆ. ಯಾವುದರ 3%?

ಸೋಪು ಮಾಡುವವರ ಮಾತಿನಲ್ಲಿ 3% ಎಂದರೆ ತೆಂಗಿನೆಣ್ಣೆ, ಹರಳೆಣ್ಣೆಯಂಥ ತಳದ ಎಣ್ಣೆಗಳ ತೂಕದ 3%. ಅಂದರೆ 500 ಗ್ರಾಂ ಎಣ್ಣೆಗೆ 15 ಗ್ರಾಂ ಸುಗಂಧ ತೈಲ. ಸಾಮಾನ್ಯ ಸುಗಂಧ ತೈಲಗಳಿಗೆ ಇದು ಮೇಲಿನ ಮಿತಿ, ಗುರಿ ಅಲ್ಲ. ಆದರೆ ಸುಗಂಧದ ಸುರಕ್ಷತೆಯ ಲೆಕ್ಕ ಮಾಡುವ ಇಫ್ರಾ ಸಂಸ್ಥೆ ತನ್ನ ಮಿತಿಯನ್ನು ಕೊಡುವುದು ಸಿದ್ಧ ಸೋಪಿನ ತೂಕದ ಮೇಲೆ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಒಂದು ಬ್ಯಾಚನ್ನೇ ತೆಗೆದುಕೊಳ್ಳೋಣ. ಎಣ್ಣೆ 500 ಗ್ರಾಂ, ನೀರು 140, ಕಾಸ್ಟಿಕ್ ಸೋಡಾ 70, ಸುಗಂಧ ತೈಲ 15. ಅಚ್ಚಿಗೆ ಸುರಿದಾಗ ಒಟ್ಟು 725 ಗ್ರಾಂ. ಕ್ಯೂರಿಂಗ್‌ನಲ್ಲಿ ನೀರು ಹೋಗಿ ಸುಮಾರು 650 ಗ್ರಾಂ ಉಳಿಯಿತು ಎಂದಿಟ್ಟುಕೊಳ್ಳಿ. ಸುಗಂಧ ಒಂದಿಷ್ಟೂ ಹೋಗಿಲ್ಲ ಎಂದು ಕೆಟ್ಟದ್ದನ್ನೇ ಊಹಿಸಿದರೆ, 15 ಗ್ರಾಂ ಅಂದರೆ ಸಿದ್ಧ ಸೋಪಿನ ಸುಮಾರು 2.3%. ಇಫ್ರಾ ಮಿತಿಯ ಪಕ್ಕದಲ್ಲಿಟ್ಟು ನೋಡಬೇಕಾದ ಅಂಕಿ ಇದು, 3 ಅಲ್ಲ.

ಇಫ್ರಾ ಸರ್ಟಿಫಿಕೇಟ್ ಓದುವುದು ಹೇಗೆ?

ಒಳ್ಳೆಯ ಮಾರಾಟಗಾರರ ಹತ್ತಿರ ಕೇಳಿದರೆ ಪ್ರತಿ ಎಣ್ಣೆಗೂ ಈ ಸರ್ಟಿಫಿಕೇಟ್ ಸಿಗುತ್ತದೆ. ಅದರಲ್ಲಿ ಕೆಟಗರಿಗಳ ಪಟ್ಟಿ ಇರುತ್ತದೆ. ಸೋಪಿನಂತೆ ಹಚ್ಚಿ ತೊಳೆದುಬಿಡುವ ವಸ್ತುಗಳು ಕೆಟಗರಿ 9, ಮೇಣದಬತ್ತಿ ಕೆಟಗರಿ 12. ಚರ್ಮದ ಮೇಲೆ ಉಳಿಯುವ ಕ್ರೀಮ್, ಲೋಷನ್‌ಗಳಿಗೆ ಬೇರೆ ಕೆಟಗರಿ, ಅಲ್ಲಿ ಮಿತಿ ಇನ್ನೂ ಬಿಗಿ. ಸರ್ಟಿಫಿಕೇಟಿನಲ್ಲಿ ಯಾವ ತಿದ್ದುಪಡಿಯ ಪ್ರಕಾರ ಎಂದೂ ಬರೆದಿರುತ್ತದೆ. 51ನೇ ತಿದ್ದುಪಡಿ 2023ರದು, ಅದಕ್ಕಿಂತ ಹಳೆಯ ಕಾಗದ ಕೊಟ್ಟರೆ ಹೊಸದನ್ನು ಕೇಳಿ.

ಲೆಕ್ಕ ಹೀಗೆ. ನಿಮ್ಮ ಲೆಮನ್‌ಗ್ರಾಸ್ ಎಣ್ಣೆಯ ಕಾಗದದಲ್ಲಿ ಕೆಟಗರಿ 9ರ ಎದುರು 1.4% ಎಂದಿದೆ ಎಂದುಕೊಳ್ಳಿ (ಈ ಅಂಕಿ ಲೆಕ್ಕ ತೋರಿಸಲು ಮಾತ್ರ, ನಿಮ್ಮ ಬಾಟಲಿಯದು ಬೇರೆ ಇರುತ್ತದೆ). 650 ಗ್ರಾಂ ಸೋಪಿನ 1.4% ಅಂದರೆ 9.1 ಗ್ರಾಂ. ಅಂದರೆ ಮೇಲಿನ ಬ್ಯಾಚಿಗೆ 15 ಗ್ರಾಂ ಪೂರ್ತಿ ಲೆಮನ್‌ಗ್ರಾಸ್ ಹಾಕುವ ಹಾಗಿಲ್ಲ, 9ಕ್ಕೆ ನಿಲ್ಲಿಸಬೇಕು. ಉಳಿದ 6 ಗ್ರಾಂ ಬೇರೆ ಎಣ್ಣೆ. ಆ ಬೇರೆ ಎಣ್ಣೆ ಲಿಟ್ಸಿಯಾ ಆದರೆ ಮತ್ತೆ ತಪ್ಪು, ಯಾಕೆಂದರೆ ಅದರಲ್ಲೂ ಸಿಟ್ರಾಲ್ ಇದೆ. ಎರಡು ಬಾಟಲಿಗಳ ಹೆಸರು ಬೇರೆಯಾದರೂ ಚರ್ಮಕ್ಕೆ ಹೋಗುವ ಅಂಶ ಒಂದೇ ಆದರೆ ಅವನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಪಾಮರೋಸಾ ಮತ್ತು ಜಿರೇನಿಯಂ ಜೋಡಿಗೂ ಇದೇ ಮಾತು, ಅಲ್ಲಿ ಕೂಡುವುದು ಜಿರೇನಿಯೋಲ್.

ಲವಂಗ ಮತ್ತು ದಾಲ್ಚಿನ್ನಿಗೆ ವಿಶೇಷ ಎಚ್ಚರ ಬೇಕು. ಲವಂಗದ ಎಣ್ಣೆಯ ಬಹುಪಾಲು ಯೂಜಿನಾಲ್. ದಾಲ್ಚಿನ್ನಿ ತೊಗಟೆಯ ಎಣ್ಣೆಯಲ್ಲಿರುವ ಸಿನ್ನಮಾಲ್ಡಿಹೈಡ್ ಚರ್ಮಕ್ಕೆ ಅದಕ್ಕಿಂತ ಕಟು. ದಾಲ್ಚಿನ್ನಿ ತೊಗಟೆಯ ಎಣ್ಣೆಯನ್ನು ನಾನು ಸೋಪಿಗೆ ಹಾಕುವುದೇ ಇಲ್ಲ, ಹಾಕಿ ಎಂದು ಯಾರಿಗೂ ಹೇಳುವುದೂ ಇಲ್ಲ.

ಒಂದು ಪೂರ್ತಿ ಬ್ಯಾಚ್ ತೋರಿಸಿ.

ಮೇಲಿನ ಲೆಕ್ಕದ ಬ್ಯಾಚೇ ಇದು. ತೆಂಗಿನೆಣ್ಣೆ 150 ಗ್ರಾಂ, ಆಲಿವ್ ಎಣ್ಣೆ (ಪೊಮೇಸ್ ಸಾಕು) 200, ಅಕ್ಕಿ ತೌಡಿನ ಎಣ್ಣೆ 100, ಹರಳೆಣ್ಣೆ 50. ಇವಿಷ್ಟನ್ನೂ ಪೂರ್ತಿ ಸೋಪು ಮಾಡಲು ಸುಮಾರು 74 ಗ್ರಾಂ ಕಾಸ್ಟಿಕ್ ಸೋಡಾ ಬೇಕು. 5% ಎಣ್ಣೆ ಸೋಪಾಗದೆ ಉಳಿಯಲಿ ಎಂದು 70 ಗ್ರಾಂಗೆ ಇಳಿಸಿದ್ದೇವೆ. ನೀರು ಅದರ ಎರಡು ಪಟ್ಟು, 140 ಗ್ರಾಂ. ಎಣ್ಣೆ ಒಂದು ಬದಲಾದರೂ ಅಳತೆ ಬದಲಾಗುತ್ತದೆ, ಆದ್ದರಿಂದ ಯಾವುದಾದರೂ ಸೋಪ್ ಕ್ಯಾಲ್ಕುಲೇಟರಿನಲ್ಲಿ ಮತ್ತೊಮ್ಮೆ ಹಾಕಿ ನೋಡಿಯೇ ತೂಗಿ. ಎಲ್ಲವೂ ತೂಕದಲ್ಲಿ, ಕಪ್ಪು, ಚಮಚದ ಅಳತೆ ಬೇಡ. ಸುಗಂಧ ತೈಲಕ್ಕೆ 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇರಲಿ.

ಸುಗಂಧಕ್ಕೆ: ಲೆಮನ್‌ಗ್ರಾಸ್ 6 ಗ್ರಾಂ, ಪಾಮರೋಸಾ 5, ಪಚೌಲಿ 3, ಲಾವಂಚ 1. ಮೊದಲು ಮೂಗಿಗೆ ಬರುವುದು ಲೆಮನ್‌ಗ್ರಾಸ್, ಅದರ ಹಿಂದೆ ಪಾಮರೋಸಾ. ಕೆಳಗೆ ಕೂತು ಇವೆರಡನ್ನೂ ಹಿಡಿದಿಡುವವು ಪಚೌಲಿ ಮತ್ತು ಲಾವಂಚ. ಲೆಮನ್‌ಗ್ರಾಸ್‌ನಲ್ಲಿ 80% ಸಿಟ್ರಾಲ್ ಇದೆ ಎಂದರೂ 6 ಗ್ರಾಂನಲ್ಲಿ 4.8 ಗ್ರಾಂ, ಅಂದರೆ 650 ಗ್ರಾಂ ಸೋಪಿನ 0.74%. ಈ ನಾಲ್ಕನ್ನೂ ಸೋಪು ಮಾಡುವ ಹಿಂದಿನ ದಿನವೇ ಗಾಜಿನ ಚಿಕ್ಕ ಸೀಸೆಯಲ್ಲಿ ಬೆರೆಸಿಟ್ಟರೆ ವಾಸನೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ.

ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಕಿಟಕಿ ತೆರೆಯಿರಿ, ಮಕ್ಕಳನ್ನು ಆ ಕಡೆ ಬಿಡಬೇಡಿ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ನೀರನ್ನು ಅದರ ಮೇಲೆ ಎಂದೂ ಸುರಿಯಬಾರದು. ಸ್ಟೀಲ್ ಅಥವಾ ದಪ್ಪ ಪಾಲಿಪ್ರೊಪಿಲೀನ್ ಪಾತ್ರೆ ಮಾತ್ರ. ಅಲ್ಯುಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ಸೋಡಾ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬರುತ್ತದೆ. ದ್ರಾವಣ ಮೈಗೆ ಸಿಡಿದರೆ ತಕ್ಷಣ ನಲ್ಲಿ ನೀರು ಬಿಟ್ಟು ತೊಳೆಯುತ್ತಲೇ ಇರಿ, ವಿನೆಗರ್ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಲೇ ಆಸ್ಪತ್ರೆಗೆ.

ದ್ರಾವಣವೂ ಎಣ್ಣೆಯೂ 35ರಿಂದ 40 ಡಿಗ್ರಿಗೆ ಇಳಿದ ಮೇಲೆ ಎರಡನ್ನೂ ಸೇರಿಸಿ, ಹ್ಯಾಂಡ್ ಬ್ಲೆಂಡರನ್ನು ಚೂರುಚೂರೇ ತಿರುಗಿಸಿ. ಬ್ಲೆಂಡರ್ ಎತ್ತಿದಾಗ ಬಿದ್ದ ಹನಿಯ ಗುರುತು ಮೇಲ್ಮೈಯಲ್ಲಿ ಕ್ಷಣಕಾಲ ಉಳಿದರೆ, ತೆಳು ದೋಸೆ ಹಿಟ್ಟಿನ ಹದ ಬಂದರೆ, ಅದು ಟ್ರೇಸ್. ಸುಗಂಧ ತೈಲ ಹಾಕುವುದು ಈಗ, ಬ್ಲೆಂಡರ್ ಆಫ್ ಮಾಡಿ, ಸ್ಪ್ಯಾಚುಲಾದಿಂದ ಕಲಸಿ. ಅಚ್ಚಿಗೆ ಸುರಿಯಿರಿ.

ಈ ಬ್ಯಾಚಿಗೆ ಟವೆಲ್ ಸುತ್ತಬೇಡಿ. ಚಿಕ್ಕ ಚಿಕ್ಕ ಅಚ್ಚುಗಳಲ್ಲಿ, ತಂಪಾದ ಜಾಗದಲ್ಲಿ ಇಟ್ಟರೆ ಜೆಲ್ ಆಗದೆ, ಬಿಸಿ ಏರದೆ ಕೂರುತ್ತದೆ. ಬಿಡಿಸಲು ಎರಡು ಮೂರು ದಿನ ಬೇಕಾಗಬಹುದು. ಲೆಮನ್‌ಗ್ರಾಸ್‌ನಿಂದ ತೆಳು ಹಳದಿ, ಪಚೌಲಿಯಿಂದ ಸ್ವಲ್ಪ ಕಂದು ಛಾಯೆ ಬರುತ್ತದೆ, ಅದು ಕೆಟ್ಟದ್ದರ ಗುರುತಲ್ಲ.

ಫ್ಲಾಶ್ ಪಾಯಿಂಟ್‌ಗಿಂತ ಬಿಸಿ ಇದ್ದಾಗ ಹಾಕಿದರೆ ವಾಸನೆ ಸುಟ್ಟುಹೋಗುತ್ತದೆಯೇ?

ಇಲ್ಲ. ಫ್ಲಾಶ್ ಪಾಯಿಂಟ್ ಎಂದರೆ ಎಣ್ಣೆಯ ಆವಿಗೆ ಬೆಂಕಿ ತೋರಿಸಿದರೆ ಹೊತ್ತಿಕೊಳ್ಳಬಲ್ಲ ಉಷ್ಣಾಂಶ. ಸಾಗಾಟದವರಿಗೆ, ಗೋದಾಮಿನವರಿಗೆ ಬೇಕಾದ ಅಂಕಿ ಅದು. ಕಿತ್ತಳೆ ಎಣ್ಣೆಯ ಫ್ಲಾಶ್ ಪಾಯಿಂಟ್ 50 ಡಿಗ್ರಿಯ ಆಸುಪಾಸಿನಲ್ಲಿದೆ, ಆದರೆ 25 ಡಿಗ್ರಿಯಲ್ಲಿ ತಟ್ಟೆಯಲ್ಲಿಟ್ಟರೂ ಅದು ಆವಿಯಾಗುತ್ತಲೇ ಇರುತ್ತದೆ. ಬಿಸಿ ಜಾಸ್ತಿಯಾದಷ್ಟೂ ಬೇಗ ಹೋಗುತ್ತದೆ, ಅದು ನಿಜ. ಒಂದು ಡಿಗ್ರಿಗೆ ಮೇಲೆ ಹೋದರೆ ಎಲ್ಲ ಮುಗಿಯಿತು ಎನ್ನುವಂಥ ಗೆರೆ ಮಾತ್ರ ಇಲ್ಲ.

ಲವಂಗದ ಎಣ್ಣೆ ಹಾಕಿದ ಕೂಡಲೇ ಪಾತ್ರೆಯಲ್ಲೇ ಗಟ್ಟಿಯಾಯಿತು. ಎಸೆಯಬೇಕೇ?

ಎಸೆಯಬೇಡಿ. ಯೂಜಿನಾಲ್ ಸೋಪಾಗುವ ಕ್ರಿಯೆಯನ್ನು ಒಮ್ಮೆಲೇ ಓಡಿಸುತ್ತದೆ. ಹದ ಕ್ಷಣದಲ್ಲಿ ಮುದ್ದೆಯಾಗುತ್ತದೆ. ಬ್ಲೆಂಡರ್ ಚಾಲೂ ಮಾಡಿದರೆ ಇನ್ನಷ್ಟು ಬಿಗಿಯಾಗುತ್ತದೆ. ಸ್ಟೀಲ್ ಚಮಚದಿಂದ ಅಚ್ಚಿಗೆ ಒತ್ತಿ ತುಂಬಿ, ಗಾಳಿಯ ಗುಳ್ಳೆ ಉಳಿಯದಂತೆ ಅಚ್ಚನ್ನು ಮೇಜಿಗೆ ಕುಟ್ಟಿ. ನೋಡಲು ಒರಟಾಗಿರುತ್ತದೆ, ಸ್ನಾನಕ್ಕೆ ಏನೂ ತೊಂದರೆ ಇಲ್ಲ. ತುಂಬುವ ಮೊದಲು ಒಳಗೆ ಬಿಳಿ ಪುಡಿ ಅಥವಾ ನೀರಿನ ಗುಂಡಿ ಕಂಡರೆ ಕಾಸ್ಟಿಕ್ ಸೋಡಾ ಸರಿಯಾಗಿ ಬೆರೆತಿಲ್ಲ ಎಂದರ್ಥ. ಅಂಥದ್ದನ್ನು ಹಾಗೇ ಬಳಸಬಾರದು, ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿ ಬೆರೆಸಬೇಕು.

ಲವಂಗ ಬೇಕೇ ಬೇಕೆಂದರೆ ತಳದ ಎಣ್ಣೆಯ ತೂಕದ ಅರ್ಧ ಪ್ರತಿಶತದ ಒಳಗೆ ಇರಲಿ, ತೆಳು ಟ್ರೇಸ್‌ನಲ್ಲೇ ಕೈಯಿಂದ ಕಲಸಿ, ಅಚ್ಚು ಪಕ್ಕದಲ್ಲೇ ಇರಲಿ.

ಮುಲ್ತಾನಿ ಮಿಟ್ಟಿ, ಕೇಯೊಲಿನ್ ಹಾಕಿದರೆ ಪರಿಮಳ ಹಿಡಿದಿಡುತ್ತದೆ ಎನ್ನುತ್ತಾರಲ್ಲ?

ಸ್ವಲ್ಪ ಮಟ್ಟಿಗೆ ಇರಬಹುದು. 500 ಗ್ರಾಂ ಎಣ್ಣೆಗೆ ಒಂದು ಚಮಚ ಕೇಯೊಲಿನ್ ಹಾಕಿದರೆ ಸೋಪು ನುಣುಪಾಗುತ್ತದೆ, ಅದಕ್ಕಾಗಿ ಹಾಕಿ. ಅದು ಕಿತ್ತಳೆಯನ್ನು ಲಾವಂಚ ಮಾಡುವುದಿಲ್ಲ. ನನ್ನ ಅನುಭವದಲ್ಲಿ ಪಚೌಲಿ, ಲಾವಂಚದಂಥ ಭಾರವಾದ ಸುಗಂಧ ತೈಲವೊಂದನ್ನು ಸೇರಿಸುವುದು ಮಣ್ಣಿಗಿಂತ ಎಷ್ಟೋ ಪಾಲು ಕೆಲಸ ಮಾಡುತ್ತದೆ.

ಮೈಸೂರು ಸ್ಯಾಂಡಲ್ ಸೋಪಿನ ಹಾಗೆ ಕೊನೆಯ ಚೂರಿನವರೆಗೂ ವಾಸನೆ ಬರುವಂತೆ ಮಾಡಲು ಆಗುವುದಿಲ್ಲವೇ?

ಈ ಪ್ರಶ್ನೆ ಕೇಳದವರಿಲ್ಲ. ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾದದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿದ್ದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋಗಿ, ಇಲ್ಲೇ ಎಣ್ಣೆ ತೆಗೆಯುವ ಯೋಚನೆ ಬಂತು. ಸೋಪು ಅದರ ಬೆನ್ನಿಗೇ ಬಂತು. ಆ ವಾಸನೆ ನಮ್ಮ ತಲೆಯಲ್ಲಿ ಕೂತಿರುವುದರಿಂದ ಮನೆಯ ಸೋಪನ್ನು ಅದಕ್ಕೇ ಹೋಲಿಸುತ್ತೇವೆ.

ಆದರೆ ಕಾರ್ಖಾನೆಯ ದಾರಿ ಬೇರೆ. ಅಲ್ಲಿ ಮೊದಲು ಸೋಪು ಪೂರ್ತಿ ಸಿದ್ಧವಾಗಿ, ಒಣಗಿ, ನೂಡಲ್ಸ್ ಆಕಾರಕ್ಕೆ ಬರುತ್ತದೆ. ಕಾಸ್ಟಿಕ್ ಸೋಡಾದ ಕೆಲಸ ಆಗಲೇ ಮುಗಿದಿರುತ್ತದೆ. ಸುಗಂಧವನ್ನು ಬೆರೆಸುವುದು ಅದರ ನಂತರ, ಆಮೇಲೆ ರೋಲರುಗಳಲ್ಲಿ ಅರೆದು, ಒತ್ತಿ, ಅಚ್ಚು ಹಾಕಿ, ಕೂಡಲೇ ಸುತ್ತಿಬಿಡುತ್ತಾರೆ. ಕ್ಷಾರವೂ ಇಲ್ಲ, ಆರು ವಾರ ತೆರೆದಿಡುವುದೂ ಇಲ್ಲ. ಮನೆಯ ಕೋಲ್ಡ್ ಪ್ರಾಸೆಸ್ ಸೋಪಿನಲ್ಲಿ ಸುಗಂಧ ಎರಡನ್ನೂ ದಾಟಿ ಬರಬೇಕು. ನಿಮ್ಮ ಕೈಯಲ್ಲಿ ಏನೋ ಕೊರತೆ ಇದೆ ಎಂದುಕೊಳ್ಳಬೇಡಿ.

ಶುದ್ಧ ಗಂಧದೆಣ್ಣೆಯನ್ನು 3% ಹಾಕುವ ಯೋಚನೆಯನ್ನೂ ಬಿಡಿ. ಒಂದು ಬ್ಯಾಚಿಗೆ 15 ಗ್ರಾಂ ಅಂದರೆ ಎಣ್ಣೆ, ಸೋಡಾ, ಅಚ್ಚು ಎಲ್ಲ ಸೇರಿದ ಖರ್ಚಿಗಿಂತ ಅದೊಂದೇ ಹಲವು ಪಟ್ಟು. ಗಂಧದ ವಾಸನೆ ಮೆದು, ಬಾಚಿ ಹೊಡೆಯುವಂಥದ್ದಲ್ಲ. ದೇವದಾರು ಮತ್ತು ಲಾವಂಚದ ಮೇಲೆ ಒಂದೆರಡು ಗ್ರಾಂ ಗಂಧ ಇಟ್ಟರೆ ಅದರ ನೆರಳು ಸಿಗುತ್ತದೆ.

ಕಾರ್ಖಾನೆಯ ಉಪಾಯವನ್ನು ಮನೆಯಲ್ಲಿ ಅನುಕರಿಸುವ ದಾರಿ ಒಂದಿದೆ, ಮರು ಕರಗಿಸುವುದು. ಸುಗಂಧವಿಲ್ಲದೆ ಸೋಪು ಮಾಡಿ, ಒಂದು ವಾರ ಬಿಟ್ಟು ತುರಿದು, 100 ಗ್ರಾಂ ತುರಿಗೆ ಎರಡು ಮೂರು ಚಮಚ ನೀರು ಚಿಮುಕಿಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಮುಚ್ಚಿ ಕರಗಿಸಿ. ಮುದ್ದೆ 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಸುಗಂಧ ಬೆರೆಸಿ ಅಚ್ಚಿಗೆ ಒತ್ತಿ. ನುಣುಪು ಬರುವುದಿಲ್ಲ, ಆದರೆ ಲ್ಯಾವೆಂಡರ್‌ನಂಥ ಎಸ್ಟರ್ ಇರುವ ಎಣ್ಣೆಗಳು ಇದರಲ್ಲಿ ಹೆಚ್ಚು ಚೆನ್ನಾಗಿ ಉಳಿಯುತ್ತವೆ. ಕಡಿಮೆ ಎಣ್ಣೆಯಲ್ಲೇ ಕೆಲಸವೂ ಆಗುತ್ತದೆ.

ಮಲ್ಲಿಗೆ ಎಸೆನ್ಷಿಯಲ್ ಆಯಿಲ್ 10 ಎಂಎಲ್‌ಗೆ 150 ರೂಪಾಯಿ. ತೆಗೆದುಕೊಳ್ಳಲೇ?

ಅದು ಮಲ್ಲಿಗೆಯಿಂದ ಬಂದದ್ದಲ್ಲ. ಮಲ್ಲಿಗೆಯ ಪರಿಮಳ ತೆಗೆಯುವುದು ದ್ರಾವಕದಿಂದ, ಸಿಗುವುದು ಆಬ್ಸೊಲ್ಯೂಟ್, ಬೆಲೆ ಬಹಳ ಜಾಸ್ತಿ. ಅಗ್ಗದ ಬಾಟಲಿಯಲ್ಲಿರುವುದು ಕೃತಕ ಸುಗಂಧ. ಕೃತಕ ಎಂದಾಕ್ಷಣ ಕೆಟ್ಟದ್ದಲ್ಲ, ಸೋಪಿಗೆಂದೇ ಮಾಡಿದ ಸುಗಂಧಗಳು ಕ್ಷಾರಕ್ಕೆ ತಡೆದು ನಿಲ್ಲುತ್ತವೆ. ಆದರೆ ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಮಾರಿದರೆ ಒಳಗೇನಿದೆ, ಮಿತಿ ಎಷ್ಟು ಎಂದು ನಿಮಗೆ ಗೊತ್ತಾಗುವುದೇ ಇಲ್ಲ. ಗಿಡದ ಸಸ್ಯಶಾಸ್ತ್ರೀಯ ಹೆಸರು, ಬ್ಯಾಚ್ ನಂಬರ್, ಇಫ್ರಾ ಕಾಗದ ಈ ಮೂರು ಕೊಡದವರ ಹತ್ತಿರ ಕೊಳ್ಳಬೇಡಿ. ಸಂಪಿಗೆ, ಕಮಲದ ಹೆಸರಿನಲ್ಲಿ ಬರುವ ಅಗ್ಗದ ಬಾಟಲಿಗಳೂ ಇದೇ ಜಾತಿ.

ನಮ್ಮದೇ ಹೂವಿನ ನೆನಪು ಬೇಕೆನ್ನುವವರು ದವನ ನೋಡಬಹುದು. ಕರ್ನಾಟಕದಲ್ಲಿ ಬೆಳೆಯುವ ದವನದಿಂದ ನಿಜವಾದ ಎಣ್ಣೆಯೇ ತೆಗೆಯುತ್ತಾರೆ. ಬೆಲೆ ಜಾಸ್ತಿ, ಆದರೆ 15 ಗ್ರಾಂ ಮಿಶ್ರಣದಲ್ಲಿ ಅರ್ಧ ಗ್ರಾಂ ಸಾಕು, ಅಷ್ಟಕ್ಕೇ ಹಣ್ಣಿನಂಥ ಸಿಹಿ ಬರುತ್ತದೆ.

ಮಳೆಗಾಲದಲ್ಲಿ ಸೋಪಿನ ಮೇಲೆ ನೀರು ಬರುತ್ತದೆ. ಸುಗಂಧದ ಎಣ್ಣೆ ಒಸರುತ್ತಿದೆಯೇ?

ಒರೆಸಿ ಬೆರಳಿಗೆ ಹಚ್ಚಿಕೊಂಡು ನೋಡಿ. ಸ್ವಲ್ಪ ಅಂಟಾಗಿ, ವಾಸನೆ ಕಡಿಮೆ ಇದ್ದರೆ ಅದು ಗ್ಲಿಸರಿನ್ ಗಾಳಿಯಿಂದ ಎಳೆದುಕೊಂಡ ತೇವ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಆಗಿಯೇ ಆಗುತ್ತದೆ. ಜಿಡ್ಡಾಗಿ, ಘಾಟು ವಾಸನೆ ಇದ್ದರೆ ಅದು ಹೆಚ್ಚಾದ ಸುಗಂಧ ತೈಲ. ತೇವ ಇರುವ ಕಡೆ ಕ್ಯೂರಿಂಗ್ ನಿಧಾನ, ಒಂದೆರಡು ವಾರ ಜಾಸ್ತಿ ಕೊಡಿ, ಫ್ಯಾನ್ ಇರುವ ಕೋಣೆಯಲ್ಲಿ ಇಡಿ. ಕ್ಯೂರಿಂಗ್ ಮುಗಿದ ಮೇಲೆ ಮಾತ್ರ ಬಟರ್ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಅಲ್ಲಿಂದ ಮುಂದೆ ಪರಿಮಳ ಕಳೆದುಕೊಳ್ಳುವುದು ಬಹಳ ಕಡಿಮೆಯಾಗುತ್ತದೆ.

ನಿಜವಾಗಿಯೂ ಪರಿಮಳ ಹೋಗಿದೆಯೋ, ನನ್ನ ಮೂಗೇ ದಣಿದಿದೆಯೋ?

ಸೋಪು ಇಟ್ಟ ಕೋಣೆಯಲ್ಲೇ ಓಡಾಡುವವರಿಗೆ ಆ ವಾಸನೆ ಗೊತ್ತಾಗುವುದು ನಿಲ್ಲುತ್ತದೆ. ಮನೆಗೆ ಬಂದವರನ್ನು ಕೇಳಿ. ಇನ್ನೊಂದು, ಒಣ ಸೋಪನ್ನು ಮೂಗಿಗೆ ಹಿಡಿದು ತೀರ್ಮಾನಿಸಬೇಡಿ. ಬಾರಿನ ಹೊರಮೈಯಲ್ಲಿದ್ದ ಹಗುರ ವಾಸನೆ ಹೋಗಿರುತ್ತದೆ, ಒಳಗೆ ಇರುತ್ತದೆ. ಬೆಚ್ಚಗಿನ ನೀರಿನಲ್ಲಿ ನೊರೆ ಬರಿಸಿ ನೋಡಿ, ಅಥವಾ ಬಾರನ್ನು ಅಡ್ಡಕ್ಕೆ ಕತ್ತರಿಸಿ ಹೊಸ ಮುಖವನ್ನು ಮೂಸಿ. ಹೊಸ ಮುಖದಲ್ಲೂ ಇಲ್ಲದಿದ್ದರೆ ಹೋಗಿದೆ ಎಂದೇ ಲೆಕ್ಕ.

ಹಳೆಯ ಕಡಲೆ ಎಣ್ಣೆಯಂಥ ಕಮಟು ವಾಸನೆ ಬಂದು, ಕಿತ್ತಳೆ ಬಣ್ಣದ ಚುಕ್ಕೆಗಳು ಕಂಡರೆ ವಿಷಯ ಬೇರೆ. ತಳದ ಎಣ್ಣೆಯೇ ಕಮಟಾಗಿದೆ. ಅದನ್ನು ಯಾವ ಸುಗಂಧವೂ ಮುಚ್ಚುವುದಿಲ್ಲ.

ಇದೇ ಎಣ್ಣೆಗಳನ್ನು ಮೇಣದಬತ್ತಿಗೆ ಹಾಕಬಹುದೇ?

ಹಾಕಬಹುದು, ಆದರೆ ಸೋಪಿನಲ್ಲಿ ಗೆದ್ದದ್ದು ಇಲ್ಲಿ ಸೋಲುತ್ತದೆ. ಮೇಣದಬತ್ತಿಯ ವಾಸನೆ ಕೋಣೆಗೆ ಹರಡುವುದು ಬತ್ತಿಯ ಸುತ್ತ ಕರಗಿದ ಮೇಣದಿಂದ ಆವಿಯಾಗಿ. ಸೋಪಿನಲ್ಲಿ ಭಾರವಾಗಿದ್ದು ಒಳ್ಳೆಯದಾಗಿದ್ದ ಲಾವಂಚ, ಗಂಧಗಳು ಆ ಬಿಸಿಗೆ ಬೇಕಾದಷ್ಟು ಮೇಲೇಳುವುದಿಲ್ಲ. ಕಿತ್ತಳೆಯಂಥ ಹಗುರ ಎಣ್ಣೆಗಳು ಮೇಣ ಕರಗಿಸಿ ಬೆರೆಸುವಾಗಲೇ ಒಂದಿಷ್ಟು ಹೋಗುತ್ತವೆ, ಉಳಿದದ್ದು ಮೊದಲ ಕೆಲವು ಗಂಟೆಗಳಲ್ಲಿ. ನಡುವಿನವೇ ಇಲ್ಲಿ ಒಳ್ಳೆಯವು: ಲೆಮನ್‌ಗ್ರಾಸ್, ಸಿಟ್ರೊನೆಲ್ಲಾ, ನೀಲಗಿರಿ, ಪುದೀನಾ. ಸೋಯಾ ಮೇಣದಲ್ಲಿ ತೂಕದ 6%ರಿಂದ ಶುರು ಮಾಡಿ. 8% ದಾಟಿದರೆ ಮೇಣದ ಮೇಲೆ ಎಣ್ಣೆ ಹನಿಯುತ್ತದೆ, ಬತ್ತಿ ಕಟ್ಟಿಕೊಳ್ಳುತ್ತದೆ, ಉರಿ ಹೊಗೆಯಾಡುತ್ತದೆ. ಸುರಿದ ಮೇಲೆ ಒಂದೆರಡು ವಾರ ಮುಚ್ಚಿಟ್ಟು ಆಮೇಲೆ ಹಚ್ಚಿ ನೋಡಿ. ಅಂಗಡಿಯ ಕೃತಕ ಸುಗಂಧದ ಮೇಣದಬತ್ತಿಯಷ್ಟು ಜೋರಾದ ವಾಸನೆ ಬರೀ ಎಸೆನ್ಷಿಯಲ್ ಆಯಿಲ್‌ನಿಂದ ದೊಡ್ಡ ಕೋಣೆಗೆ ಬರುವುದಿಲ್ಲ. ಬಚ್ಚಲಮನೆ, ಚಿಕ್ಕ ಓದುಕೋಣೆಗೆ ಸಾಕಾಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಟೀ ಟ್ರೀ, ಪುದೀನಾ ಎಣ್ಣೆಗಳನ್ನು ಬಿಡಿ.

ಮಗುವಿಗೆ ಈ ಸೋಪು ಹಾಕಬಹುದೇ? ಮಾರಬಹುದೇ?

ಎರಡು ವರ್ಷದೊಳಗಿನ ಮಗುವಿಗೆ ಸುಗಂಧವೇ ಇಲ್ಲದ ಬ್ಯಾಚ್ ಬೇರೆ ಮಾಡಿ. ಗರ್ಭಿಣಿಯರು, ಎಕ್ಸಿಮಾ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ. ಬೇರೆಯವರು ಮೊದಲ ಸಲ ಮೊಣಕೈಯ ಒಳಭಾಗದಲ್ಲಿ ನೊರೆ ಹಚ್ಚಿ ತೊಳೆದು, ಒಂದು ದಿನ ಕಾಯಲಿ.

ಸ್ನಾನದ ಸೋಪು ಮಾರಾಟಕ್ಕೆ ಮಾಡುವುದಾದರೆ ಕಾಸ್ಮೆಟಿಕ್ಸ್ ರೂಲ್ಸ್ 2020ರ ಅಡಿಯಲ್ಲಿ ರಾಜ್ಯದ ಪರವಾನಗಿ ಬೇಕು, ಮನೆಯಲ್ಲಿ ಮಾಡಿದ್ದು ಎನ್ನುವುದು ಅದಕ್ಕೆ ವಿನಾಯಿತಿ ಅಲ್ಲ. ಉಡುಗೊರೆ ಕೊಡುವುದಾದರೂ ಹೊದಿಕೆಯ ಮೇಲೆ ಯಾವ ಎಣ್ಣೆ ಎಷ್ಟು ಗ್ರಾಂ ಹಾಕಿದ್ದೀರಿ, ಯಾವ ತಾರೀಕಿಗೆ ಸುರಿದಿರಿ ಎಂದು ಬರೆದುಬಿಡಿ. ತೆಗೆದುಕೊಂಡವರಿಗೆ ತುರಿಕೆ ಬಂದರೆ ಚರ್ಮದ ವೈದ್ಯರು ಮೊದಲು ಕೇಳುವುದು ಅದನ್ನೇ.